ಕೂಗಿ ಕಾಲೆಳೆಯೋರನ್ನ ಸ್ಟೇಜ್ ಮೇಲಿಂದ ಹೇಗೆ ಸಂಭಾಳಿಸ್ತೀರಾ? ಅನುಭವ ಹೇಳಿ

ಪ್ರಶ್ನೆ: ಕನ್ನಡ ಓಪನ್ ಮೈಕ್, ಐದು ನಿಮಿಷದ ಸೆಟ್. ಕಳೆದ ಸಲ ಒಬ್ಬ "ನಗು ಬರ್ತಿಲ್ಲ ಗುರೂ, ಕೆಳಗಿಳಿ" ಅಂದ, ನಂಗೆ ಮಾತೇ ಹೊರಡ್ಲಿಲ್ಲ. ನೀವಾದ್ರೆ ಏನ್ ಮಾಡ್ತೀರಾ?

ಮೈಕ್ ಮಂಜ: ಮೊದಲು ಅವನು ಅಂದಿದ್ದನ್ನ ಮೈಕಲ್ಲಿ ರಿಪೀಟ್ ಮಾಡಿ. ಹಿಂದೆ ಕೂತವ್ರಿಗೆ ಅದು ಕೇಳಿಸಿರಲ್ಲ, ನೀವು ಸುಮ್ನೆ ರೇಗಿದ್ರೆ ಅವರ ಕಣ್ಣಿಗೆ ನೀವೇ ವಿಲನ್. ನಂಗೂ ಇದೇ ಡೈಲಾಗ್ ಬಿದ್ದಿತ್ತು. "ನಗು ಬರ್ತಿಲ್ವಂತೆ" ಅಂತ ಎಲ್ರಿಗೂ ಹೇಳಿ, "ಏನ್ ಕೆಲ್ಸ ಸರ್ ತಮ್ದು?" ಅಂದೆ. ಬ್ಯಾಂಕಲ್ಲಿ ಲೋನ್ ಸೆಕ್ಷನ್ ಅಂದ್ರು. "ಅದಕ್ಕೇ ಸರ್, ನಿಮ್ಗೆ ನಗೋಕೂ ಇಬ್ರು ಜಾಮೀನು ಬೇಕು." ಹಾಲ್ ನನ್ ಕಡೆ ಬಂತು. ಅಲ್ಲಿಗೇ ಬಿಟ್ಟೆ, ಎರಡನೇ ಏಟು ಕೊಡ್ಲಿಲ್ಲ, ಕೊಟ್ಟಿದ್ರೆ ಜನ ಅಯ್ಯೋ ಪಾಪ ಅಂತ ಅವನ ಕಡೆ ಹೋಗ್ತಿದ್ರು. ಕೊನೇ ಜೋಕಿಗೆ ಅವರೇ ನಕ್ಕಾಗ "ಸರ್, ಸ್ಯಾಂಕ್ಷನ್ ಆಯ್ತಾ?" ಅಂದೆ, ಅವತ್ತಿನ ದೊಡ್ಡ ನಗು ಅದಕ್ಕೇ.

ಹಾಸ್ಯಪ್ರಿಯ ಹಾಸನ: ಇದೆಲ್ಲ ಎಸಿ ಕೆಫೇಲಿ ನಡಿಯುತ್ತೆ ಸ್ವಾಮಿ. ನಾನು ಗಣೇಶನ ಪೆಂಡಾಲಲ್ಲಿ ಹಾಸ್ಯ ಸಂಜೆ ಮಾಡೋನು. ಮುಂದಿನ ಸಾಲಲ್ಲಿ ಒಬ್ರು ಕುಡಿದು ಕೂತು "ಹಳೇ ಜೋಕು, ಹಳೇ ಜೋಕು" ಅಂತ ಶುರು ಹಚ್ಕೊಂಡ್ರು. "ನಿಮ್ ಬಾಟ್ಲಿನೂ ಹಳೇದೇ ಅಲ್ವಾ ಯಜಮಾನ್ರೇ" ಅಂದೆ, ಜನ ಬಿದ್ದು ಬಿದ್ದು ನಕ್ರು. ಆಮೇಲೆ ಗೊತ್ತಾಯ್ತು, ಪೆಂಡಾಲಿನ ದೊಡ್ಡ ಚಂದಾ ಅವರದ್ದೇ! ಮಾತಾಡಿದ್ದು ಎಂಟು ಸಾವಿರ, ಕೈಗಿಟ್ಟಿದ್ದು ಮೂರು, ಅದ್ರಲ್ಲಿ ಕಾರಿನ ಡೀಸೆಲ್ಲು, ತಬಲಾದವನ ಊಟ, ವಾಪಸ್ ಬರ್ತಾ ಪಂಕ್ಚರ್ ಬೇರೆ. ಶಾಲಾದ್ರೂ ಹೊದಿಸ್ಲಿಲ್ಲ.

ಪಂಚ್‌ಲೈನ್ ಪಮ್ಮಿ: ಹತ್ತು ರೆಡಿಮೇಡ್ ಕೌಂಟರ್ ಬಾಯಿಪಾಠ ಮಾಡ್ಕೊಳ್ಳಿ ಸಾಕು. ನಾನು ಹಾಗೇ ಬಚಾವಾಗಿದ್ದು.

ಮೈಕ್ ಮಂಜ: @ಪಮ್ಮಿ ಒಂದೆರಡು ಇಟ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಅವನು ಅಂದಿದ್ದಕ್ಕೂ ನೀವು ಹೇಳಿದ್ದಕ್ಕೂ ಸಂಬಂಧ ಇಲ್ದಿದ್ರೆ ಬಾಯಿಪಾಠ ಅಂತ ಜನಕ್ಕೆ ತಕ್ಷಣ ಗೊತ್ತಾಗುತ್ತೆ.

ಪಂಚ್‌ಲೈನ್ ಪಮ್ಮಿ: ಹೆಂಗಸರಿಗೆ ಎಂಥೆಂಥಾ ಮಾತು ಬರುತ್ತೆ ಗೊತ್ತಾ ನಿಮ್ಗೆ? ಅದನ್ನ ಮೈಕಲ್ಲಿ ರಿಪೀಟ್ ಮಾಡ್ಲಾ? ಅಂಥ ಟೈಮಲ್ಲಿ ರೆಡಿ ಇರೋ ಲೈನೇ ಕಾಪಾಡೋದು.

ಕುರುಡುಮಲೆ ಕಿಟ್ಟಿ: ಸಿಟ್ಟು ಮಾತ್ರ ಬೇಡ. 2006ರಲ್ಲಿ ಲಾಸ್ ಏಂಜಲಿಸ್‌ನ ಲಾಫ್ ಫ್ಯಾಕ್ಟರಿ ಕಾಮಿಡಿ ಕ್ಲಬ್ಬಲ್ಲಿ ಮೈಕಲ್ ರಿಚರ್ಡ್ಸ್ ಏನಾದ ನೋಡಿ. ಅಷ್ಟು ದೊಡ್ಡ ಟಿವಿ ಸ್ಟಾರು, ಕೂಗಿದವ್ರ ಮೇಲೆ ಜನಾಂಗೀಯ ಬೈಗುಳ ಸುರಿಸಿದ, ಯಾರೋ ವಿಡಿಯೋ ಮಾಡಿದ್ರು, ಟಿವೀಲಿ ಕ್ಷಮೆ ಕೇಳಿದ್ರೂ ಕರಿಯರ್ ಚೇತರಿಸ್ಕೊಳ್ಳಲೇ ಇಲ್ಲ. ಇನ್ನು ನಿಮ್ಮಂಥೋರು ಇಂಥ ಕ್ಲಿಪ್ ರೀಲ್ಸಿಗೆ ಹಾಕಿ ಹಾಕಿ, ಈಗ ಟಿಕೆಟ್ ತಗೊಂಡು ಕೂಗೋಕೆ ಅಂತಲೇ ಬರ್ತಾರೆ ಜನ.

ಮೈಕ್ ಮಂಜ: ಯಾರಿಗ್ ಹೇಳ್ತಿದೀರಾ? ಆ ಲೋನ್ ಕ್ಲಿಪ್ ನಾನ್ ಹಾಕೇ ಇಲ್ಲ.

ಹಾಸ್ಯಪ್ರಿಯ ಹಾಸನ: ಅಂದ್ಹಾಗೆ ಜಾಮೀನಿನ ಜೋಕು ನಾವು ಪೆಂಡಾಲಲ್ಲಿ ಯಾವತ್ತಿಂದಲೋ ಹೇಳ್ತಿದೀವಿ.

ಮೈಕ್ ಮಂಜ: ಹಳೇ ಜೋಕು ಅಂತ ಆ ಯಜಮಾನ್ರು ಸುಮ್ನೆ ಕೂಗಿಲ್ಲ ಬಿಡಿ.