ಪದಚರ್ಚೆ: ‘ಹೆಚ್ಚಾಗಬಹುದು’ ಅಂದರೆ ಸಾಕೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಕನ್ನಡದಲ್ಲೇ ಪ್ರಬಂಧ ಬರೆಯುತ್ತಿದ್ದೇನೆ. ಒಂದೇ ಶಾಲೆಯ 44 ಮಕ್ಕಳಿಗೆ ಒಂದು ಸಲ ಓದಿನ ಪರೀಕ್ಷೆ ಕೊಟ್ಟೆ. ಮನೆಯಲ್ಲಿ ಕತೆಪುಸ್ತಕ ಓದುವವರಿಗೆ ಸರಾಸರಿ 6 ಅಂಕ ಜಾಸ್ತಿ ಬಂತು. ಶೇ. 95ರ ವಿಶ್ವಾಸ ವ್ಯಾಪ್ತಿ 1ರಿಂದ 11 ಅಂಕ. ಚರ್ಚೆಯ ಅಧ್ಯಾಯದಲ್ಲಿ ‘ಕತೆ ಓದುವುದರಿಂದ ಓದುವ ಶಕ್ತಿ ಹೆಚ್ಚುತ್ತದೆ’ ಎಂದು ಬರೆದೆ. ಗೈಡ್ ಒಪ್ಪಲಿಲ್ಲ. ‘ಹೆಚ್ಚಾಗಬಹುದು’ ಎಂದು ತಿದ್ದಿದೆ. ಅದೂ ಬೇಡವಂತೆ. ಯಾಕೆ?

ಉತ್ತರ 1:
‘ಬಹುಶಃ ಹೆಚ್ಚಾಗಬಹುದು ಎಂದು ತೋರುತ್ತದೆ’ ಅನ್ನಿ. ಆಗ ಯಾರೂ ತಪ್ಪು ಹಿಡಿಯಲಾರರು.

ಉತ್ತರ 2:
‘ಬಹುದು’ ನನಗೂ ತೊಂದರೆ ಕೊಟ್ಟಿದೆ. ನಾನು ಔಷಧಿ ಚೀಟಿಗಳನ್ನು ಅನುವಾದ ಮಾಡುತ್ತೇನೆ. ‘ಹಾಲಿನ ಜೊತೆ ಕೊಡಬಹುದು’ ಅಂದರೆ ಅನುಮತಿ. ‘ವಾಂತಿ ಆಗಬಹುದು’ ಅಂದರೆ ಎಚ್ಚರಿಕೆ. ಹಾಗಾಗಿ ಎರಡನೆಯದಕ್ಕೆ ‘ಆಗುವ ಸಾಧ್ಯತೆ ಇದೆ’ ಎಂದೇ ಬರೆಯುತ್ತೇನೆ. ನೀವೂ ಹಾಗೇ ಮಾಡಿ.

ಉತ್ತರ 3:
ಇಲ್ಲಿ ತೊಡಕು ‘ಬಹುದು’ವಿನದಲ್ಲ ಮೇಡಂ, ‘ಓದುವುದರಿಂದ’ ಎನ್ನುವಲ್ಲಿನ ‘ಇಂದ’ದ್ದು. ‘ಇಂದ’ ಬಂದ ಕೂಡಲೇ ಓದುಗರಿಗೆ ಕಾರಣ ಕೇಳಿಸುತ್ತದೆ. ಕೊನೆಯ ಕ್ರಿಯಾಪದವನ್ನು ಎಷ್ಟು ಮೆತ್ತಗೆ ಮಾಡಿದರೂ ಅದು ಹೋಗುವುದಿಲ್ಲ. ಒಂದೇ ಸಲದ ಪರೀಕ್ಷೆಯಲ್ಲಿ ಯಾವುದು ಮೊದಲು ಎಂದು ಗೊತ್ತಾಗುವುದಿಲ್ಲ. ಚೆನ್ನಾಗಿ ಓದಬಲ್ಲ ಮಗುವೇ ಕತೆಪುಸ್ತಕ ಹಿಡಿದಿರಬಹುದು, ಅಲ್ವಾ? ಓದಿದ ಅಪ್ಪ ಅಮ್ಮ ಇರುವ ಮನೆಯಲ್ಲಿ ಪುಸ್ತಕವೂ ಅಂಕವೂ ಒಟ್ಟಿಗೆ ಬಂದಿರಬಹುದು.

ಹಾಗಾಗಿ ವಾಕ್ಯ ಒಡೆಯಿರಿ. ಕಣ್ಣಾರೆ ಕಂಡದ್ದನ್ನು ನೇರ ಹೇಳಿ: ‘ಈ 44 ಮಕ್ಕಳಲ್ಲಿ ಕತೆ ಓದುವವರಿಗೆ ಸರಾಸರಿ 6 ಅಂಕ ಹೆಚ್ಚು ಬಂದಿತು.’ ಇಲ್ಲಿ ‘ಬಹುದು’ ಹಾಕಿದರೆ ಅದೇ ತಪ್ಪು. ಆಮೇಲೆ: ‘ಓದುವ ಅಭ್ಯಾಸಕ್ಕೂ ಅಂಕಕ್ಕೂ ನಂಟು ಇರುವಂತೆ ಕಾಣುತ್ತದೆ. ಆದರೆ ವ್ಯತ್ಯಾಸ 1 ಅಂಕದಷ್ಟು ಚಿಕ್ಕದೂ ಇರಬಹುದು, 11ರಷ್ಟು ದೊಡ್ಡದೂ ಇರಬಹುದು.’ ಕೊನೆಗೆ: ‘ಓದುವ ಅಭ್ಯಾಸವೂ ಇದಕ್ಕೆ ಒಂದು ಕಾರಣವಿರಬಹುದು.’ ಇದರ ಪಕ್ಕದಲ್ಲೇ ಬೇರೆ ಕಾರಣಗಳನ್ನೂ ಬರೆಯಿರಿ. ‘ಇಂದ’ ಬೇಕೇ ಬೇಕು ಅಂದರೆ ಚೀಟಿ ಎತ್ತಿ ಅರ್ಧ ಮಕ್ಕಳಿಗೆ ಪುಸ್ತಕ ಕೊಡಬೇಕು, ಕೆಲವು ತಿಂಗಳ ನಂತರ ಎರಡೂ ಗುಂಪನ್ನು ಹೋಲಿಸಬೇಕು.

ಮೊದಲನೆಯವರು ಹೇಳಿದ ಹಾಗೆ ಮೂರು ಅನುಮಾನ ಪೇರಿಸಬೇಡಿ. ಅನುಮಾನ ಯಾವುದರ ಮೇಲೆ ಎಂದೇ ತಿಳಿಯುವುದಿಲ್ಲ.

ಕೇಳಿದವರು:
ಈಗ ಅರ್ಥವಾಯಿತು ಸರ್. ಹುಡುಗರನ್ನಷ್ಟೇ ನೋಡಿದರೆ ವ್ಯಾಪ್ತಿ -2ರಿಂದ 9 ಬರುತ್ತದೆ. ‘ಹುಡುಗರಲ್ಲಿ ವ್ಯತ್ಯಾಸ ಇಲ್ಲ’ ಎಂದು ಬರೆಯಲಾ?

ಉತ್ತರ 3:
ಬೇಡ. 9 ಅಂಕದ ವ್ಯತ್ಯಾಸವೂ ಆ ವ್ಯಾಪ್ತಿಯೊಳಗೇ ಇದೆಯಲ್ಲ. ‘ವ್ಯತ್ಯಾಸ ಇದೆ ಎನ್ನಲು ಈ ಮಾಹಿತಿ ಸಾಲದು’ ಅನ್ನಿ.

ಉತ್ತರ 1:
ಪೇರಿಸಿದ್ದು ತಪ್ಪು, ಒಪ್ಪಿದೆ. ‘ಹೆಚ್ಚೀತು’ ಅಂದರೆ? ನಮ್ಮದೇ ಸಂಭಾವನಾ ರೂಪ ಅದು.

ಉತ್ತರ 2:
ನನಗೆ ‘ಬಿದ್ದೀಯೆ, ಜೋಕೆ’ ಎಂದು ಅಜ್ಜಿ ಗದರಿಸಿದ್ದೇ ನೆನಪಾಗುತ್ತದೆ.

ಉತ್ತರ 3:
ನನ್ನ ಕಿವಿಗೆ ಅದು ಮುಂದೆ ಆಗುವುದರ ಮಾತು, ಆಗಿಹೋದ ಪರೀಕ್ಷೆಗೆ ಹೊಂದುವುದಿಲ್ಲ. ಆದರೆ ಧಾರವಾಡದ ಕಡೆಯವರಿಗೆ ಹೇಗೆ ಕೇಳಿಸುತ್ತದೋ, ಅವರೇ ಹೇಳಲಿ.