ಅಪ್‌ಡೇಟ್: ಅಡ್ವಾನ್ಸ್ ಜಗಳ, ವಾಟ್ಸಾಪ್ ಸಾಕ್ಷಿ

ಆಗ ಕೇಳಿದ್ದು: "ಅಡ್ವಾನ್ಸ್ ವಾಪಸ್ ಕೊಡುತ್ತೇನೆ ಎಂದು ಮನೆ ಮಾಲೀಕರು ವಾಟ್ಸಾಪ್‌ನಲ್ಲಿ ಒಪ್ಪಿದ್ದರು. ಈಗ ಇಲ್ಲ ಅಂತಾರೆ. ಸ್ಕ್ರೀನ್‌ಶಾಟ್ ಸಾಕಾ?"

ಸ್ಕ್ರೀನ್‌ಶಾಟ್ ಮಾತ್ರ ನೆಚ್ಚಿಕೊಳ್ಳಬೇಡಿ ಎಂದರು ವಕೀಲರು. ಅದರಲ್ಲಿ ಕಾಣುವುದು ನಾನು ಸೇವ್ ಮಾಡಿದ ಹೆಸರು. ಆ ಹೆಸರಲ್ಲಿ ಯಾವ ನಂಬರನ್ನೂ ಸೇವ್ ಮಾಡಬಹುದು, ಅಲ್ವಾ? ಚಾಟ್ ಎಕ್ಸ್‌ಪೋರ್ಟ್ ಮಾಡಿದಾಗ ಮಾತುಕತೆ ದಿನಾಂಕ, ಸಮಯದ ಸಮೇತ ಬಂತು. ಆದರೆ ಅದು ಸುಮ್ನೆ ಟೆಕ್ಸ್ಟ್ ಫೈಲ್, ಯಾರು ಬೇಕಾದರೂ ತಿದ್ದಬಹುದು.

ಕೊನೆಗೆ ಫೋನನ್ನು ಫೊರೆನ್ಸಿಕ್ ತಜ್ಞರಿಗೆ ಕೊಟ್ಟೆ. ಅವರು ತೆಗೆದ ನಕಲಿನಲ್ಲಿ ಕಳಿಸಿದವರ ನಂಬರ್, ಸಮಯ ಎರಡೂ ವಾಟ್ಸಾಪ್ ಡೇಟಾಬೇಸ್‌ನಿಂದಲೇ ಬಂದಿವೆ. ನಕಲಿನ SHA256 ಹ್ಯಾಶ್, ಅಂದರೆ ಆ ಫೈಲಿನ ಡಿಜಿಟಲ್ ಬೆರಳಚ್ಚು, ಬರೆದಿಟ್ಟರು. ಆಮೇಲೆ ಒಂದಕ್ಷರ ಬದಲಾದರೂ ಅದು ತಾಳೆಯಾಗುವುದಿಲ್ಲ. ಡಿಜಿಟಲ್ ಸಾಕ್ಷಿಯ ಜೊತೆ ಕೋರ್ಟಿಗೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಎ ಭಾಗಕ್ಕೆ ನಾನು, ಬಿ ಭಾಗಕ್ಕೆ ತಜ್ಞರು ಸಹಿ ಹಾಕಿದೆವು. ಕೇಸ್ ಮುಗಿಯುವವರೆಗೆ ಆ ಫೋನ್ ರೀಸೆಟ್ ಮಾಡುವುದಿಲ್ಲ.