ಅಪ್‌ಡೇಟ್: ಬೈಕಿನ ಪೆಟ್ರೋಲ್ ಮುಳ್ಳಿನ ಸಮಸ್ಯೆ ಬಗೆಹರಿಯಿತು

ನಾನು ಕೇಳಿದ್ದು: ಅರ್ಧ ಟ್ಯಾಂಕಿಗೆ ಬಂದಾಗ ಮುಳ್ಳು ಒಮ್ಮೆಲೇ ಖಾಲಿಗೆ ಬೀಳುತ್ತದೆ, ಮತ್ತೆ ಏರುತ್ತದೆ. ಟ್ರಿಪ್ ಮೀಟರೂ ಜಾಸ್ತಿ ತೋರಿಸುತ್ತಿದೆ ಅನಿಸುತ್ತದೆ. ಯಾವುದನ್ನು ನಂಬಲಿ?

ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆಯುವ ಫ್ಲೋಟ್ ಸೆಂಡರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ ಅಂದ ಅಣ್ಣನಿಗೆ ದೊಡ್ಡ ಥ್ಯಾಂಕ್ಸ್, ಅದೇ ಸರಿ ಇತ್ತು. ಕನೆಕ್ಟರ್ ಕ್ಲೀನ್ ಮಾಡಿದ್ದರಿಂದ ಏನೂ ಬದಲಾಗಲಿಲ್ಲ. ಮೀಟರ್ ಬದಲಿಸುವ ಅಗತ್ಯವೇ ಬೀಳಲಿಲ್ಲ.

ಹುಬ್ಬಳ್ಳಿಯ ನಮ್ಮ ಮೆಕ್ಯಾನಿಕ್ ಟ್ಯಾಂಕ್ ಖಾಲಿ ಮಾಡಿ ಸೆಂಡರ್ ಹೊರಗೆ ತೆಗೆದರು. ಫ್ಲೋಟಿನ ಕಡ್ಡಿಯನ್ನು ಕೈಯಿಂದ ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ ನೋಡಿದೆವು. ನನ್ನ ಗಾಡಿಯಲ್ಲಿ ಫುಲ್‌ಗೆ ಸುಮಾರು 10 ಓಮ್, ಖಾಲಿಗೆ ಸುಮಾರು 90 ಓಮ್. ಬೇರೆ ಗಾಡಿಗಳಲ್ಲಿ ಇದು ಬೇರೆ ಇರುತ್ತದೆ, ಉಲ್ಟಾ ಕೂಡ ಇರಬಹುದು. ಅಂಕಿ ಒಂದೇ ಸಮನೆ ಏರಬೇಕು, ಆದರೆ ನಡುವೆ ಒಂದು ಕಡೆ ಸಂಪರ್ಕವೇ ಕಡಿದುಹೋಗುತ್ತಿತ್ತು. ಅಲ್ಲಿ ಸೆಂಡರ್ ಒಳಗಿನ ರೆಸಿಸ್ಟೆನ್ಸ್ ಪಟ್ಟಿ ಸವೆದಿತ್ತು. ಎರಡು ತುದಿಯನ್ನಷ್ಟೇ ಅಳೆದಿದ್ದರೆ ಸೆಂಡರ್ ಚೆನ್ನಾಗಿದೆ ಅಂತ ಬಿಟ್ಟುಬಿಡುತ್ತಿದ್ದೆವು, ಅಲ್ವಾ? ಹೊಸ ಸೆಂಡರ್ ಹಾಕಿದ ಮೇಲೆ ಮುಳ್ಳು ಸರಿಯಾಗಿದೆ.

ಆಶ್ಚರ್ಯ ಆಗಿದ್ದು ಟ್ರಿಪ್ ಮೀಟರ್ ವಿಷಯ. ಗದಗ ರಸ್ತೆಯ ಕಿಲೋಮೀಟರ್ ಕಲ್ಲುಗಳಿಗೆ ಹೋಲಿಸಿದರೆ 10 ಕಿಮೀಗೆ 10.4 ತೋರಿಸುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ, ಮುಂದೆ ಕಂಪನಿ ಅಳತೆಗಿಂತ ಸಣ್ಣ ಟೈರ್ ಇದೆ, ಅದೇ ದೂರಕ್ಕೆ ಚಕ್ರ ಜಾಸ್ತಿ ಸುತ್ತು ತಿರುಗುತ್ತದೆ, ಮೀಟರ್ ಎಣಿಸುವುದು ಆ ಸುತ್ತುಗಳನ್ನೇ.

ಈಗ ಸೆಂಟರ್ ಸ್ಟ್ಯಾಂಡ್ ಹಾಕಿ ಟ್ಯಾಂಕ್ ಒಂದೇ ಮಟ್ಟಕ್ಕೆ ತುಂಬಿಸಿ ಲೆಕ್ಕ ಹಾಕುತ್ತೇನೆ. ಟ್ರಿಪ್‌ನಲ್ಲಿ 312 ಬಂತು, ಮತ್ತೆ ಹಿಡಿದದ್ದು 6 ಲೀಟರ್. ಮೈಲೇಜ್ 52 ಅನಿಸುತ್ತದೆ, ಆದರೆ ನಿಜವಾಗಿ ಓಡಿದ್ದು 300 ಕಿಮೀ, ಅಂದರೆ ಲೀಟರಿಗೆ 50. ಟೈರ್ ಬದಲಿಸುವವರೆಗೂ ಈ 50ರ ಮೇಲೆಯೇ ಪೆಟ್ರೋಲ್ ಹಾಕಿಸುತ್ತೇನೆ, ರಿಸರ್ವ್ ಲೆಕ್ಕಕ್ಕೆ ಸೇರಿಸುವುದಿಲ್ಲ.